ಬೆಳಿಗ್ಗೆ ಹೊತ್ತು ಕಾಲಿಂಗ್ ಬೆಲ್ ಸರಿಯಾಗಿ ಬಡಿಯಲ್ಲ, ಹನ್ನೊಂದು ಗಂಟೆ ಮೇಲೆ ತಾನಾಗೇ ಸರಿಹೋಗುತ್ತೆ. ಯಾಕಿರಬಹುದು?

ತೋಟದಮನೆ
ನಮ್ಮದು ಮೂಡಿಗೆರೆ ಕಡೆ ಹಳೇ ಮನೆ. ಹಾಲ್ ಗೋಡೆ ಮೇಲೆ ಡಿಂಗ್ ಡಾಂಗ್ ಬೆಲ್ ಇದೆ, ಒಳಗೆ ಎರಡು ಲೋಹದ ಪಟ್ಟಿ ಇರುತ್ತಲ್ಲ, ಆ ಥರದ್ದು. ಡಿಸೆಂಬರ್ ಶುರುವಾದಾಗಿನಿಂದ ಬೆಳಿಗ್ಗೆ ಯಾರಾದರೂ ಒತ್ತಿದರೆ "ಗುಂಯ್" ಅಂತ ಸಣ್ಣಗೆ ಸದ್ದು ಬಂದು ಸುಮ್ಮನಾಗುತ್ತೆ. ಕೆಲವು ಸಲ "ಟಕ್" ಅಂತ ಒಂದು ಸಣ್ಣ ಏಟು. ಮಧ್ಯಾಹ್ನ ಅದೇ ಬೆಲ್ ಊರಿಗೆಲ್ಲ ಕೇಳೋ ಹಾಗೆ ಬಡಿಯುತ್ತೆ.

ನಮ್ಮ ಎಲೆಕ್ಟ್ರಿಷಿಯನ್ ಬಂದು ಹೊರಗಿನ ಬೆಲ್ ಪುಶ್ ಎರಡು ಸಲ ಬದಲಾಯಿಸಿದರು. ಅವರು ಬರೋದೇ ಮಧ್ಯಾಹ್ನ, ಆಗ ಬೆಲ್ ಚೆನ್ನಾಗಿರುತ್ತೆ, "ಸರಿಯಾಯ್ತು ಮೇಡಂ" ಅಂತ ಹೋಗುತ್ತಾರೆ. ಮಾರನೇ ದಿನ ಬೆಳಿಗ್ಗೆ ಮತ್ತೆ ಅದೇ ಕಥೆ.

ಇದನ್ನ ಇಷ್ಟು ತಲೆಗೆ ಹಚ್ಚಿಕೊಳ್ಳೋಕೆ ಕಾರಣ ಇದೆ. ನಮ್ಮ ಮಾವನಿಗೆ ಇನ್ಸುಲಿನ್ ಕೊಡೋಕೆ ಬೆಳಿಗ್ಗೆ ಏಳಕ್ಕೆ ನರ್ಸ್ ಬರುತ್ತಾರೆ. ಕಳೆದ ವಾರ ಒಂದು ದಿನ ನಾನು ಹಿಂದೆ ಕೊಟ್ಟಿಗೆಯಲ್ಲಿದ್ದೆ. ಆ ಹುಡುಗಿ ಹತ್ತು ನಿಮಿಷ ಬೆಲ್ ಒತ್ತಿ, ಯಾರೂ ಇಲ್ಲ ಅಂದುಕೊಂಡು ವಾಪಸ್ ಹೋಗಿಬಿಟ್ಟಳು. ದಯವಿಟ್ಟು ಗೊತ್ತಿರೋರು ಹೇಳಿ.

ಮೈಸೂರು ಮೇಷ್ಟ್ರು
ಇದು ಖಂಡಿತ ವೋಲ್ಟೇಜ್ ಸಮಸ್ಯೆ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಎಲ್ಲರ ಮನೆಯಲ್ಲೂ ಗೀಸರ್, ಮೋಟರ್ ಓಡುತ್ತೆ. ಹಳ್ಳಿ ಕಡೆ ಲೈನ್ ಉದ್ದ, ವೋಲ್ಟೇಜ್ ಬೀಳುತ್ತೆ. ಈ ಬೆಲ್ ಒಳಗೆ ಒಂದು ಕಾಯಿಲ್ ಇದೆ, ಕರೆಂಟ್ ಬಂದಾಗ ಅದು ನಡುವಿನ ಕಬ್ಬಿಣದ ರಾಡನ್ನು ಎಳೆದು ಪಟ್ಟಿಗೆ ಹೊಡೆಸುತ್ತೆ. ವೋಲ್ಟೇಜ್ ಸ್ವಲ್ಪ ಕಡಿಮೆಯಾದರೂ ಎಳೆತ ಅದಕ್ಕಿಂತ ಜಾಸ್ತಿ ಕಡಿಮೆಯಾಗುತ್ತೆ, ಯಾಕಂದ್ರೆ ಅದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಹೋಗುತ್ತೆ. ಹನ್ನೊಂದಕ್ಕೆ ಲೋಡ್ ಇಳಿಯುತ್ತೆ, ಬೆಲ್ ಸರಿಹೋಗುತ್ತೆ. ನಿಮ್ಮ ವಿವರಣೆಗೆ ಇದು ಪೂರ್ತಿ ಹೊಂದುತ್ತೆ. ಬೆಲ್ ಬದಲು ಲೈನ್‌ಮನ್‌ಗೆ ಹೇಳಿ.

ಡಲ್ಲಾಸ್ ಕನ್ನಡಿಗ
ಇಷ್ಟೆಲ್ಲ ಯೋಚನೆ ಯಾಕೆ. ಪುಶ್ ಬಟನ್ ಬಿಚ್ಚಿ, ಹಿಂದಿನ ಎರಡು ವೈರ್ ಕೈಯಲ್ಲಿ ಹಿಡಿದು ಒಂದಕ್ಕೊಂದು ತಾಗಿಸಿ. ಬೆಲ್ ಜೋರಾಗಿ ಬಡಿದರೆ ಬಟನ್ ಹೋಗಿದೆ, ಬಡಿಯದಿದ್ದರೆ ಬೆಲ್ ಹೋಗಿದೆ ಅಥವಾ ವೈರ್ ತುಂಡಾಗಿದೆ. ಎರಡು ನಿಮಿಷದ ಕೆಲಸ, ನಾನು ನಮ್ಮ ಮನೆಯಲ್ಲಿ ಹೀಗೇ ಕಂಡುಹಿಡಿದೆ.

ರುದ್ರಣ್ಣ ವೈರಿಂಗ್
ಮೇಲಿನದ್ದನ್ನ ಯಾರೂ ಮಾಡಬೇಡಿ. ತೋಟದಮನೆ ಮೇಡಂ, ನೀವಂತೂ ಆ ಪುಶ್‌ಗೆ ಕೈ ಹಾಕಲೇಬೇಡಿ.

ಡಲ್ಲಾಸ್ ಸರ್ ಹೇಳಿದ್ದು ಅವರ ಮನೆಗೆ ಸರಿ. ಅಮೆರಿಕದಲ್ಲಿ ಬೆಲ್‌ಗೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತೆ, ಬಟನ್‌ಗೆ ಬರೋದು ಸಾಮಾನ್ಯವಾಗಿ 16 ವೋಲ್ಟ್. ನಮ್ಮಲ್ಲಿ ಹಾಗಲ್ಲ. ನಮ್ಮ ಮನೆಗಳ ಡಿಂಗ್ ಡಾಂಗ್ ಬೆಲ್‌ಗೆ ಹೋಗೋದು ನೇರ 230 ವೋಲ್ಟ್, ಲೈಟಿಗೆ ಹೋಗೋ ಅದೇ ಕರೆಂಟ್. ಆ ಎರಡು ವೈರ್ ಹಿಡಿದರೆ ಜೀವ ಹೋಗಬಹುದು. ಅದರಲ್ಲೂ ಪುಶ್ ಇರೋದು ಹೊರಗೆ, ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತಿರುತ್ತೀರಿ.

ಇನ್ನೊಂದು ಮಾತು, ಇದನ್ನ ಬಹಳ ಜನ ಮರೆಯುತ್ತಾರೆ. ಮೇನ್ ಆಫ್ ಮಾಡಿದೆ, ಇನ್ನು ಭಯ ಇಲ್ಲ ಅಂದುಕೊಳ್ಳುತ್ತಾರೆ. ಎಷ್ಟೋ ಮನೆಯಲ್ಲಿ ಬೆಲ್ ಲೈನ್ ಯುಪಿಎಸ್ ಮೇಲಿರುತ್ತೆ, ಕರೆಂಟ್ ಹೋದಾಗಲೂ ಬಡಿಯಲಿ ಅಂತ. ಮೇನ್ ಇಳಿಸಿದ ತಕ್ಷಣ ಯುಪಿಎಸ್ ಶುರುವಾಗಿ ಅದೇ ವೈರಿಗೆ ಮತ್ತೆ 230 ಕೊಡುತ್ತೆ. ನನ್ನ ಜೊತೆ ಕೆಲಸ ಮಾಡೋ ಹುಡುಗ ಹೀಗೇ ಒಂದು ಸಲ ಏಣಿಯಿಂದ ಬಿದ್ದ. ಬೆಲ್ ಡಬ್ಬಿ ಮುಚ್ಚಳ ತೆಗೆಯೋದಾದ್ರೆ ಎಂಸಿಬಿ ಇಳಿಸಬೇಕು, ಯುಪಿಎಸ್ ಕೂಡ ಆಫ್ ಮಾಡಬೇಕು.

ಈಗ ನಿಮ್ಮ ವಿಷಯ. ಯಾವುದನ್ನೂ ಬಿಚ್ಚದೆ ಒಂದು ಕೆಲಸ ಮಾಡಿ. ನಿಮ್ಮ ಬೆಲ್ ಪುಶ್‌ನಲ್ಲಿ ಸಣ್ಣ ಕೆಂಪು ಲೈಟ್ ಇದೆಯಾ? ಇದ್ದರೆ ಬೆಳಿಗ್ಗೆ ಬೆಲ್ ಕೆಟ್ಟಿರೋ ಹೊತ್ತಲ್ಲೇ ನೋಡಿ. ಸುಮ್ನೆ ಇದ್ದಾಗ ಲೈಟ್ ಉರೀತಿದೆಯಾ, ಒತ್ತಿದಾಗ ಆರುತ್ತಾ, ಅಷ್ಟು ಹೇಳಿ.

ಬಾಡಿಗೆಮನೆ ಸುಮಾ
ನಮ್ಮದೂ ಇದೇ ಸಮಸ್ಯೆ! ಬೆಂಗಳೂರು, ಮೂರನೇ ಮಹಡಿ. ವೈರ್ ಇಲ್ಲದ ಬೆಲ್, ಒಳಗೆ ಪ್ಲಗ್‌ಗೆ ಚುಚ್ಚೋದು. ಬಾಗಿಲ ಹತ್ತಿರ ಬಂದು ಒತ್ತಿದರೆ ಒಮ್ಮೊಮ್ಮೆ ಬಡಿಯುತ್ತೆ, ಒಮ್ಮೊಮ್ಮೆ ಇಲ್ಲ. ನಮ್ಮ ಪುಶ್‌ನಲ್ಲಿ ನೀಲಿ ಲೈಟ್ ಇದೆ, ಒತ್ತಿದಾಗ ಹತ್ತುತ್ತೆ. ಅಂದ್ರೆ ಸರಿ ಇದೆ ಅಂತಾನಾ?

ರುದ್ರಣ್ಣ ವೈರಿಂಗ್
ಸುಮಾ ಅವರೇ, ನಿಮ್ಮದು ಬೇರೆ ಜಾತಿ. ನಿಮ್ಮ ಪುಶ್ ಒಳಗೆ ಸಣ್ಣ ಬ್ಯಾಟರಿ ಇದೆ, ಬಹಳ ಕಡೆ ಬೆರಳು ಗಾತ್ರಕ್ಕಿಂತ ಚಿಕ್ಕ 12 ವೋಲ್ಟ್‌ದು. ಬ್ಯಾಟರಿ ಇಳಿದಾಗ ಲೈಟ್ ಹತ್ತೋಕೆ ಸಾಕಾಗುತ್ತೆ, ಆದರೆ ಸಿಗ್ನಲ್ ಒಳಗಿನವರೆಗೆ ಮುಟ್ಟಲ್ಲ. ಪುಶ್ ತೆಗೆದು ಒಳಗೆ ತಂದು ಬೆಲ್ ಪಕ್ಕದಲ್ಲೇ ಒತ್ತಿ ನೋಡಿ. ಅಲ್ಲಿ ಪ್ರತಿ ಸಲವೂ ಬಡಿದರೆ ಬ್ಯಾಟರಿ ಬದಲಾಯಿಸಿ. ಹಳೇದನ್ನೇ ಅಂಗಡಿಗೆ ಒಯ್ದು ತೋರಿಸಿ, ಎರಡು ಮೂರು ಗಾತ್ರ ಒಂದೇ ಥರ ಕಾಣುತ್ತೆ.

ಡಲ್ಲಾಸ್ ಕನ್ನಡಿಗ
ರುದ್ರಣ್ಣ, ಒಪ್ಪಿಕೊಂಡೆ. ಊರಲ್ಲಿ ನೇರ 230 ಅನ್ನೋದು ನನಗೆ ಹೊಳೆಯಲೇ ಇಲ್ಲ, ಮೇಲಿನ ಸಲಹೆ ಅಳಿಸೋಕೆ ಆಗ್ತಿಲ್ಲ. ಓದುವವರು ದಯವಿಟ್ಟು ಅದನ್ನ ಬಿಡಿ. ಇಲ್ಲಿ ಇರೋ ಕನ್ನಡಿಗರಿಗೂ ಒಂದು ಮಾತು: 16 ವೋಲ್ಟ್ ಇರೋದು ಟ್ರಾನ್ಸ್‌ಫಾರ್ಮರ್‌ನಿಂದ ಈಚೆಗೆ ಮಾತ್ರ. ಆಚೆ ಬದಿ 120 ವೋಲ್ಟ್. ಬ್ರೇಕರ್ ಇಳಿಸದೆ ಆ ಬದಿ ಮುಟ್ಟಬಾರದು. ನಮ್ಮ ಮನೆಯಲ್ಲಿ ಕ್ಯಾಮೆರಾ ಇರೋ ಬೆಲ್ ಹಾಕಿದ ಮೇಲೆ ಒಳಗಿನ ಚೈಮ್ ಮಂಕಾಯ್ತು. ಹಳೇ ಟ್ರಾನ್ಸ್‌ಫಾರ್ಮರ್ 10 ವೋಲ್ಟ್‌ದಿತ್ತು, ಹೊಸ ಬೆಲ್ ಕೇಳಿದ್ದು 16. ಅದನ್ನ ಬದಲಾಯಿಸಿದ ಮೇಲೆ ಸರಿಹೋಯ್ತು.

ತೋಟದಮನೆ
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಏಳಕ್ಕೆ ನೋಡಿದೆ. ಪುಶ್‌ನಲ್ಲಿ ಕೆಂಪು ಲೈಟ್ ಉರೀತಿತ್ತು. ಒತ್ತಿದಾಗ ಪೂರ್ತಿ ಆರಿತು, ಬಿಟ್ಟ ಮೇಲೆ ಮತ್ತೆ ಹತ್ತಿತು. ಆರಿದ್ದಾಗೆಲ್ಲ ಒಳಗಿಂದ ಅದೇ "ಗುಂಯ್". ಮೇಷ್ಟ್ರು ಹೇಳಿದ್ದಕ್ಕೆ ಮಗ ಮೀಟರ್ ತಂದು ಹಾಲ್‌ನ ಪ್ಲಗ್‌ನಲ್ಲಿ ವೋಲ್ಟೇಜ್ ನೋಡಿದ, ಅವನು ಡಿಪ್ಲೊಮಾ ಓದುತ್ತಿದ್ದಾನೆ. ಬೆಳಿಗ್ಗೆ ಏಳಕ್ಕೆ 210, ಹನ್ನೊಂದಕ್ಕೆ 226.

ಮೈಸೂರು ಮೇಷ್ಟ್ರು
ನೋಡಿದಿರಾ, 16 ವೋಲ್ಟ್ ಬಿದ್ದಿದೆ. ನಾನು ಹೇಳಿದ್ದು ಇದನ್ನೇ.

ರುದ್ರಣ್ಣ ವೈರಿಂಗ್
ಬಿದ್ದಿದೆ ಮೇಷ್ಟ್ರೇ, ಆದರೆ ನಿಮ್ಮ ಲೆಕ್ಕದಲ್ಲೇ ನೋಡಿ. 226ರಿಂದ 210ಕ್ಕೆ ಇಳಿದರೆ ಎಳೆತ ಸುಮಾರು ನೂರಕ್ಕೆ 14ರಷ್ಟು ಕಡಿಮೆ. ಅಷ್ಟಕ್ಕೆ ಬೆಲ್ ಸ್ವಲ್ಪ ಮೆತ್ತಗೆ ಬಡಿಯಬೇಕು, ಪೂರ್ತಿ ನಿಲ್ಲಬಾರದು. ಒಳ್ಳೆ ಸ್ಥಿತಿಯ ಬೆಲ್ 200ಕ್ಕೂ ಬಡಿಯುತ್ತೆ, ನಮ್ಮೂರಲ್ಲಿ ದಿನಾ ನೋಡ್ತೀನಿ.

ಮೇಡಂ, ಆ ಕೆಂಪು ಲೈಟ್ ನಿಮಗೆ ಅರ್ಧ ಉತ್ತರ ಕೊಟ್ಟಿದೆ. ಎರಡೇ ವೈರ್ ಇರೋ ಪುಶ್‌ನಲ್ಲಿ ಆ ಲೈಟಿಗೆ ಕರೆಂಟ್ ಬರೋದು ಬೆಲ್ ಒಳಗಿನ ಕಾಯಿಲ್ ಮೂಲಕವೇ. ಅದು ಉರೀತಿದೆ ಅಂದ್ರೆ ಫೇಸ್ ಬರ್ತಿದೆ, ನ್ಯೂಟ್ರಲ್ ಇದೆ, ನಡುವೆ ವೈರ್ ಎಲ್ಲೂ ತುಂಡಾಗಿಲ್ಲ, ಕಾಯಿಲ್ ಸುಟ್ಟು ಕಡಿದುಹೋಗಿಲ್ಲ. ಒತ್ತಿದಾಗ ಆರುತ್ತೆ ಅಂದ್ರೆ ಪುಶ್ ಒಳಗೆ ಪಟ್ಟಿ ಕೂಡ್ತಿದೆ. ಒತ್ತಿದಾಗಲೂ ಆರದೆ ಉರೀತಾನೇ ಇದ್ದಿದ್ದರೆ ಪುಶ್ ಕೆಟ್ಟಿದೆ ಅನ್ನಬಹುದಿತ್ತು. ಲೈಟೇ ಇಲ್ಲದಿದ್ದರೆ ಕಾಯಿಲ್ ಅಥವಾ ವೈರಿಂಗ್ ಅನುಮಾನ. ಪಾಪ, ನಿಮ್ಮ ಎಲೆಕ್ಟ್ರಿಷಿಯನ್ ಎರಡು ಪುಶ್ ಸುಮ್ನೆ ಬದಲಾಯಿಸಿದ್ದಾರೆ.

"ಗುಂಯ್" ಅಂದ್ರೆ ಕಾಯಿಲ್ ಎಳೀತಿದೆ, ರಾಡ್ ಬರ್ತಿಲ್ಲ. ಎಲ್ಲೋ ಹಿಡ್ಕೊಂಡಿದೆ. ಹೀಗಿರುವಾಗ ಬೆಲ್ ಒತ್ತಿ ಹಿಡಿಯಬೇಡಿ ಅಂತ ನರ್ಸ್‌ಗೂ ಹೇಳಿ. ರಾಡ್ ಒಳಗೆ ಹೋಗದೆ ನಿಂತರೆ ಕಾಯಿಲ್ ಜಾಸ್ತಿ ಕರೆಂಟ್ ಎಳೆದು ಬಿಸಿಯಾಗುತ್ತೆ. ಅದನ್ನ ಮಾಡಿರೋದೇ ಒಂದೆರಡು ಸೆಕೆಂಡ್ ಒತ್ತೋಕೆ. ಸುಟ್ಟ ವಾರ್ನಿಷ್ ವಾಸನೆ ಬಂದರೆ ಅಲ್ಲಿಗೆ ನಿಲ್ಲಿಸಿ, ಎಂಸಿಬಿ ಇಳಿಸಿ. ಅಂಥ ಬೆಲ್ ರಿಪೇರಿ ಮಾಡೋ ಗೋಜಿಗೆ ಹೋಗದೆ ಹೊಸದು ಹಾಕಿಸಿ.

ತೋಟದಮನೆ
ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ, ನಿಮಗಾಗಿ ಇನ್ನೊಂದು ಸಲ ಅಳತೆ ಮಾಡಿಸಿದೆ. ನಿನ್ನೆ ಸಂಜೆ ಏಳಕ್ಕೆ ವೋಲ್ಟೇಜ್ 204 ಇತ್ತು, ಬೆಳಿಗ್ಗೆಗಿಂತ ಕಡಿಮೆ. ಬೆಲ್ ಚೆನ್ನಾಗೇ ಬಡಿಯಿತು. ಹಾಗಾದ್ರೆ ವೋಲ್ಟೇಜ್ ಅಲ್ಲ ಅಲ್ವಾ?

ಮೈಸೂರು ಮೇಷ್ಟ್ರು
204ಕ್ಕೆ ಬಡಿದಿದ್ದರೆ ಒಪ್ಪಲೇಬೇಕು. ಆದರೆ ಹೊತ್ತಿಗೆ ಸರಿಯಾಗಿ ಕೆಟ್ಟು ಹೊತ್ತಿಗೆ ಸರಿಯಾಗಿ ಸರಿಹೋಗೋದು ಯಾಕೆ? ರಾಡ್ ಹಿಡ್ಕೊಂಡಿದ್ದರೆ ಮಧ್ಯಾಹ್ನವೂ ಹಿಡ್ಕೊಂಡಿರಬೇಕಲ್ಲ. ತೇವಾಂಶ ಇರಬಹುದಾ? ನಿಮ್ಮ ಕಡೆ ಬೆಳಿಗ್ಗೆ ಮಂಜು ಜಾಸ್ತಿ.

ಹುಬ್ಬಳ್ಳಿ ಹುಡುಗ
ರಾಡ್ ಹಿಡ್ಕೊಂಡಿದ್ದರೆ ಭಾಳ ಸಸಾರ ಕೆಲಸ ರೀ. ಮುಚ್ಚಳ ತೆಗೆದು ಎರಡು ಹನಿ ಎಣ್ಣೆ ಬಿಡ್ರಿ. ನಮ್ಮನ್ಯಾಗ ಹೊಲಿಗೆ ಮಷೀನ್ ಎಣ್ಣೆ ಬಿಟ್ಟಿದ್ವಿ, ಸರಿ ಆತು.

ತೋಟದಮನೆ
ಎಣ್ಣೆ ಅಂದಿದ್ದಕ್ಕೆ ನೆನಪಾಯ್ತು. ನವರಾತ್ರಿಗೆ ಮುಂಚೆ ಮನೆ ಧೂಳು ಹೊಡೆಯುವಾಗ ಬೆಲ್ ಸ್ವಲ್ಪ ಕಿರುಗುಟ್ಟುತ್ತೆ ಅಂತ ನಮ್ಮೆಜಮಾನರು ಒಳಗೆ ಎಣ್ಣೆ ಬಿಟ್ಟಿದ್ದರು. ಆಮೇಲೆ ಎರಡು ತಿಂಗಳು ಚೆನ್ನಾಗೇ ಇತ್ತು, ಅದಕ್ಕೇ ನನಗೆ ಅದು ಲೆಕ್ಕಕ್ಕೇ ಬರಲಿಲ್ಲ.

ರುದ್ರಣ್ಣ ವೈರಿಂಗ್
ಯಾವ ಎಣ್ಣೆ?

ತೋಟದಮನೆ
ಈಗ ಅವರನ್ನ ಕೇಳಿದೆ. ಬಚ್ಚಲುಮನೆ ಗೂಡಲ್ಲಿದ್ದ ಕೊಬ್ಬರಿ ಎಣ್ಣೆ.

ಕೇಳಿದ ತಕ್ಷಣ ಹೋಗಿ ಬಾಟ್ಲಿ ನೋಡಿದೆ. ಬೆಳ್ಳಗೆ ಗಟ್ಟಿಯಾಗಿ ಕೂತಿದೆ, ತಲೆಕೆಳಗು ಮಾಡಿದರೂ ಹನಿ ಬೀಳಲ್ಲ. ದಿನಾ ಬೆಳಿಗ್ಗೆ ನಾವೇ ಅದನ್ನ ಬಿಸಿಲಿಗೆ ಇಟ್ಟು ತಲೆಗೆ ಹಚ್ಕೋತೀವಿ, ಬೆಲ್ ಒಳಗೂ ಅದೇ ಎಣ್ಣೆ ಕೂತಿದೆ ಅಂತ ಹೊಳೆಯಲಿಲ್ಲ.

ರುದ್ರಣ್ಣ ವೈರಿಂಗ್
ಮೇಷ್ಟ್ರ ಪ್ರಶ್ನೆಗೂ ಉತ್ತರ ಸಿಕ್ಕಿತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಕೆಳಗೆ ಗಟ್ಟಿಯಾಗುತ್ತೆ. ಅಕ್ಟೋಬರ್‌ನಲ್ಲಿ ದ್ರವವಾಗಿತ್ತು, ಬೆಲ್ ಚೆನ್ನಾಗಿತ್ತು. ಈಗ ನಿಮ್ಮ ಹಾಲ್ ಬೆಳಿಗ್ಗೆ ಹೊತ್ತು ಅದಕ್ಕಿಂತ ಬಹಳ ತಣ್ಣಗಿರುತ್ತೆ. ಬಿಸಿಲು ಏರಿದ ಮೇಲೆ ಕರಗುತ್ತೆ. ಸಂಜೆ ಏಳಕ್ಕೆ ಗೋಡೆ ಇನ್ನೂ ಬೆಚ್ಚಗಿರುತ್ತೆ, ಅದಕ್ಕೆ 204ಕ್ಕೂ ಬಡಿಯಿತು.

ಹುಬ್ಬಳ್ಳಿ ತಮ್ಮಾ, ಮಷೀನ್ ಎಣ್ಣೆ ಗಟ್ಟಿಯಾಗಲ್ಲ, ನಿಜ. ಆದರೂ ಬೇಡ. ಎಣ್ಣೆಗೆ ಧೂಳು ಅಂಟುತ್ತೆ, ವರ್ಷದಲ್ಲಿ ಅಂಟು ಕಟ್ಟಿ ಮತ್ತೆ ಹಿಡಿಯುತ್ತೆ. ಈ ರಾಡ್ ಒಣಗಿದ್ದೇ ಓಡಾಡೋಕೆ ಮಾಡಿರೋದು.

ಮೇಡಂ, ಒರೆಸೋ ಕೆಲಸ ಮಗ ಮಾಡಬಹುದು, ಆದರೆ ನಾನು ಹೇಳಿದ ಹಾಗೇ. ಮೇನ್ ಇಳಿಸಿ. ಯುಪಿಎಸ್ ಆಫ್ ಮಾಡಿ. ಆಮೇಲೆ ಬೆಲ್ ಒತ್ತಿ ನೋಡಿ, ಕೆಂಪು ಲೈಟ್ ಇರಬಾರದು, ಗುಂಯ್ ಇರಬಾರದು. ಅಷ್ಟಕ್ಕೇ ನಂಬಬೇಡಿ. ಮೇನ್ ಇಳಿಸೋ ಮುಂಚೆ ಮೀಟರ್ ಅನ್ನ ಪ್ಲಗ್‌ನಲ್ಲಿ ಇಟ್ಟು ಅದು ಕೆಲಸ ಮಾಡ್ತಿದೆ ಅಂತ ಖಾತ್ರಿ ಮಾಡ್ಕೊಂಡಿರಿ, ಮುಚ್ಚಳ ತೆಗೆದ ಮೇಲೆ ಬೆಲ್‌ನ ಎರಡು ಸ್ಕ್ರೂ ನಡುವೆ ಅಳೆಯಿರಿ. ಪ್ರತಿ ಸ್ಕ್ರೂನಿಂದ ಅರ್ತ್‌ಗೂ ಅಳೆಯಿರಿ. ಎಲ್ಲ ಕಡೆ ಸೊನ್ನೆ ಬಂದರೆ ಮಾತ್ರ ಕೈ ಹಾಕೋದು. ಬರೀ ಎರಡು ಸ್ಕ್ರೂ ನಡುವೆ ಸೊನ್ನೆ ಬಂದರೆ ಸಾಲದು, ಕೆಲವು ಮನೆಯಲ್ಲಿ ಫೇಸ್ ನೇರ ಬೆಲ್‌ಗೆ ಕೊಟ್ಟು ನ್ಯೂಟ್ರಲ್ ಅನ್ನ ಪುಶ್ ಮೂಲಕ ಕಳಿಸಿರುತ್ತಾರೆ. ಅಲ್ಲಿ ಬೆಲ್ ಸುಮ್ನೆ ಇದ್ದಾಗಲೂ ಎರಡೂ ಸ್ಕ್ರೂನಲ್ಲಿ ಕರೆಂಟ್ ಇರುತ್ತೆ.

ರಾಡ್ ಹೊರಗೆ ಎಳೆಯೋ ಮುಂಚೆ ಒಂದು ಫೋಟೋ ತೆಗೆದುಕೊಳ್ಳಿ, ಸ್ಪ್ರಿಂಗ್ ಯಾವ ಕಡೆ ಕೂತಿದೆ ಅಂತ ಆಮೇಲೆ ಗೊಂದಲ ಆಗುತ್ತೆ. ರಾಡ್ ಮತ್ತು ಕೊಳವೆ ಎರಡನ್ನೂ ಒಣ ಬಟ್ಟೆಯಲ್ಲಿ ಒರೆಸಿ, ಆಮೇಲೆ ಇಂಜೆಕ್ಷನ್ ಕೊಡುವಾಗ ಹಚ್ಚೋ ಸ್ಪಿರಿಟ್ ಇರುತ್ತಲ್ಲ, ಅದನ್ನ ಬಟ್ಟೆಗೆ ಸ್ವಲ್ಪ ಹಾಕಿ ಒರೆಸಿ. ಥಿನ್ನರ್ ಬೇಡ, ಪ್ಲಾಸ್ಟಿಕ್ ತಿಂದುಬಿಡುತ್ತೆ. ಸ್ಪಿರಿಟ್‌ಗೆ ಬೆಂಕಿ ಹತ್ತುತ್ತೆ, ಅದಕ್ಕೆ ಪೂರ್ತಿ ಒಣಗಿ ವಾಸನೆ ಹೋಗೋವರೆಗೆ ಕರೆಂಟ್ ಕೊಡಬೇಡಿ. ವೈರ್ ಯಾವುದನ್ನೂ ಬಿಚ್ಚಬೇಡಿ. ವೈರಿನ ಪ್ಲಾಸ್ಟಿಕ್ ಕಪ್ಪಾಗಿದ್ದರೆ, ಸ್ಕ್ರೂ ಹತ್ತಿರ ಸುಟ್ಟ ಗುರುತಿದ್ದರೆ ಮುಚ್ಚಳ ಹಾಕಿ ಎಲೆಕ್ಟ್ರಿಷಿಯನ್‌ನ ಕರೀರಿ.

ಕುಂದಾಪ್ರದ ಮನಿ
ಮಧ್ಯೆ ಬಾಯಿ ಹಾಕ್ತಿದ್ದೇನೆ, ನಮ್ಮದು ಬೇರೆ. ಮಳೆಗಾಲದಲ್ಲಿ ಬೆಲ್ ತಾನಾಗೇ ಗುಂಯ್‌ಗುಡುತ್ತೆ, ಪುಶ್ ಒತ್ತಿದರೆ ಬೆರಳಿಗೆ ಜುಮ್ ಅನ್ನುತ್ತೆ. ಒಣ ಬಟ್ಟೆ ಸುತ್ತಿ ಒತ್ತುತ್ತೇವೆ. ಮಳೆ ನಿಂತ ಮೇಲೆ ಸರಿ ಇರುತ್ತೆ, ಹಾಗಾಗಿ ಬಿಟ್ಟಿದ್ದೇವೆ.

ರುದ್ರಣ್ಣ ವೈರಿಂಗ್
ಬಿಡಬೇಡಿ. ಇಡೀ ಚರ್ಚೆಯಲ್ಲಿ ನನಗೆ ಹೆದರಿಕೆ ಆಗಿದ್ದು ಇದನ್ನ ಓದಿ. ಪುಶ್ ಒಳಗೆ ನೀರು ಹೋಗ್ತಿದೆ. ಆ ನೀರೇ ಎರಡು ಪಟ್ಟಿ ನಡುವೆ ಕರೆಂಟ್ ದಾಟಿಸ್ತಿದೆ, ಅದಕ್ಕೆ ಬೆಲ್ ತಾನಾಗಿ ಗುಂಯ್‌ಗುಡೋದು. ಅದೇ ನೀರು ಗೋಡೆಗೂ ಬೆರಳಿಗೂ ಕರೆಂಟ್ ತರ್ತಿದೆ. ಇವತ್ತು ಜುಮ್ ಅನ್ನೋದು ನಾಳೆ ಒದ್ದೆ ಕಾಲಿನ ಮಗುವಿಗೆ ಏನಾಗಬಹುದು ಹೇಳೋಕಾಗಲ್ಲ.

ಆ ಬೆಲ್ ಲೈನ್ ಎಂಸಿಬಿ ಇಳಿಸಿ, ಯುಪಿಎಸ್ ಮೇಲಿದ್ದರೆ ಅಲ್ಲಿಂದಲೂ ಬಿಡಿಸಿ. ಪುಶ್ ಮೇಲೆ ಟೇಪ್ ಹಾಕಿ "ಒತ್ತಬೇಡಿ" ಅಂತ ಬರೆದಿಡಿ. ಇದು ನೀವೇ ಬಿಚ್ಚೋ ಕೆಲಸ ಅಲ್ಲ. ಎಲೆಕ್ಟ್ರಿಷಿಯನ್ ಬಂದಾಗ ನೀರು ಹೋಗದ ಮುಚ್ಚಳದ ಪುಶ್ ಹಾಕಿಸಿ, ಗೋಡೆಯೊಳಗಿನ ವೈರ್ ನೋಡಿಸಿ, ಕರೆಂಟ್ ಸೋರಿದರೆ ತಾನಾಗೇ ಲೈನ್ ಕಡಿಯೋ 30 ಮಿಲಿ ಆಂಪಿಯರ್‌ನ ಇಎಲ್‌ಸಿಬಿ ಮನೆಗೆ ಇದೆಯಾ ಕೇಳಿ. ಇದ್ದೂ ಬೀಳುತ್ತಿಲ್ಲ ಅಂದ್ರೆ ಅದರ ಟೆಸ್ಟ್ ಬಟನ್ ಒತ್ತಿ ನೋಡಲಿ. ನಿಮ್ಮ ಕಡೆ ಮಳೆಗೆ, ಹೊರಗಿನ ಪುಶ್‌ಗೆ ಬ್ಯಾಟರಿಯ ವೈರ್ ಇಲ್ಲದ ಬೆಲ್ಲೇ ವಾಸಿ ಅಂತ ನನ್ನ ಅಭಿಪ್ರಾಯ.

ಕುಂದಾಪ್ರದ ಮನಿ
ಎಂಸಿಬಿ ಇಳಿಸಿ ಬಂದೆ. ಮನೆಯವರಿಗೆಲ್ಲ ಹೇಳಿದ್ದೇನೆ. ಗುರುವಾರ ಒಬ್ಬರು ಬರ್ತಾರೆ.

ತೋಟದಮನೆ
ಭಾನುವಾರ ಮಾಡಿದೆವು. ಮೇನ್ ಇಳಿಸಿದ ಮೇಲೂ ಕೆಂಪು ಲೈಟ್ ಉರೀತಾನೇ ಇತ್ತು! ರುದ್ರಣ್ಣ ಹೇಳದೇ ಇದ್ದಿದ್ದರೆ ಮಗ ಹಾಗೇ ಸ್ಕ್ರೂಡ್ರೈವರ್ ಹಾಕಿಬಿಡುತ್ತಿದ್ದ. ಯುಪಿಎಸ್ ಆಫ್ ಮಾಡಿದ ಮೇಲೆ ಆರಿತು. ಮೀಟರ್‌ನಲ್ಲೂ ಎಲ್ಲ ಕಡೆ ಸೊನ್ನೆ ಬಂತು.

ರಾಡ್ ಹೊರಗೆ ಬರೋಕೇ ಕಷ್ಟಪಟ್ಟಿತು. ಮೇಲೆಲ್ಲ ಬೂದು ಬಣ್ಣದ ತುಪ್ಪದ ಥರ ಮೆತ್ತಿಕೊಂಡಿತ್ತು. ಉಗುರಲ್ಲಿ ಕೆರೆದರೆ ಸುರುಳಿ ಸುರುಳಿಯಾಗಿ ಬರ್ತಿತ್ತು. ಅದರೊಳಗೆ ಧೂಳು, ಇರುವೆಯ ರೆಕ್ಕೆ, ಬಟ್ಟೆಯ ನೂಲು. ಅಂಗೈಯಲ್ಲಿ ಒಂದು ನಿಮಿಷ ಹಿಡಿದಿದ್ದಕ್ಕೆ ಕರಗಿ ಬೆರಳ ಸಂದಿಯಿಂದ ಇಳಿಯಿತು, ತಲೆಗೆ ಹಚ್ಚೋ ಎಣ್ಣೆಯ ವಾಸನೆ. ಒರೆಸಿ ಒಣಗಿಸಿ ಹಾಕಿದ ಮೇಲೆ ರಾಡ್ ತನ್ನ ಭಾರಕ್ಕೇ ಜಾರಿ ಕೆಳಗಿಳಿಯಿತು. ಕಾಯಿಲ್ ಮೇಲೆ ಕಪ್ಪು ಏನೂ ಇರಲಿಲ್ಲ.

ಸೋಮವಾರ, ಮಂಗಳವಾರ, ಇವತ್ತು, ಮೂರೂ ದಿನ ಬೆಳಿಗ್ಗೆ ಏಳಕ್ಕೆ ಮೊದಲನೇ ಒತ್ತಿಗೇ ಡಿಂಗ್, ಬಿಟ್ಟಾಗ ಡಾಂಗ್. ಕೊಟ್ಟಿಗೆಯವರೆಗೂ ಕೇಳಿಸಿತು. ನರ್ಸ್ ಹುಡುಗಿಗೆ ನನ್ನ ಫೋನ್ ನಂಬರ್ ಕೂಡ ಕೊಟ್ಟಿದ್ದೇನೆ, ಬೆಲ್ ಒಂದನ್ನೇ ನಂಬಿ ಇರೋದು ಬೇಡ ಅಂತ.

ಒಂದೇ ಒಂದು ಉಳಿದಿದೆ. ಕರೆಂಟ್ ಹೋದಾಗ, ಯುಪಿಎಸ್ ಮೇಲೆ ಬಡಿದರೆ ಸದ್ದು ಈಗಲೂ ಸ್ವಲ್ಪ ಒರಟು, ಡಿಂಗ್ ಜೊತೆ ಜೇನು ಗುಂಯ್‌ಗುಟ್ಟಿದ ಹಾಗೆ. ಇದಕ್ಕೂ ಏನಾದರೂ ಮಾಡಬೇಕಾ?

ರುದ್ರಣ್ಣ ವೈರಿಂಗ್
ಒಳ್ಳೇದಾಯ್ತು ಮೇಡಂ. ಯುಪಿಎಸ್ ಹಳೇದಾ? ಹಳೇ ಯುಪಿಎಸ್‌ಗಳ ಕರೆಂಟ್ ಲೈನಿನ ಕರೆಂಟಿನಷ್ಟು ನಯ ಇರಲ್ಲ, ಫ್ಯಾನ್ ಕೂಡ ಗುಂಯ್ ಅನ್ನುತ್ತೆ. ಅದೇ ಕಾರಣ ಅಂದುಕೊಳ್ತೀನಿ. ಫ್ಯಾನ್ ಸದ್ದು ಕೇಳಿ ನೋಡಿ.

ಮೈಸೂರು ಮೇಷ್ಟ್ರು
ಯುಪಿಎಸ್ ಅಂತ ತೀರ್ಮಾನಕ್ಕೆ ಬರೋ ಮುಂಚೆ ಬೆಲ್ ಡಬ್ಬಿ ಗೋಡೆಗೆ ನೆಟ್ಟಗೆ ಕೂತಿದೆಯಾ ನೋಡಿ. ಮುಚ್ಚಳ ಸಡಿಲ ಇದ್ದರೂ ಹಾಗೇ ಅದುರುತ್ತೆ. ಈ ಸಲ ಅಳತೆ ಮಾಡಿಯೇ ಮಾತಾಡೋಣ.

ತೋಟದಮನೆ
ಯುಪಿಎಸ್ ಒಂಬತ್ತು ವರ್ಷದ್ದು. ಫ್ಯಾನ್ ಹೌದು, ಗುಂಯ್ ಅನ್ನುತ್ತೆ. ಮುಚ್ಚಳವೂ ಒಂದು ಕಡೆ ಸಡಿಲ ಇದೆ. ಮುಂದಿನ ಸಲ ಕರೆಂಟ್ ಹೋದಾಗ ಮುಚ್ಚಳ ಕೈಯಲ್ಲಿ ಒತ್ತಿ ಹಿಡಿದು ಮಗನಿಗೆ ಬೆಲ್ ಒತ್ತೋಕೆ ಹೇಳ್ತೀನಿ.

ಹುಬ್ಬಳ್ಳಿ ಹುಡುಗ
ರುದ್ರಣ್ಣಾ, ನಮ್ಮ ಬೆಲ್ ಒಳಗಿನ ಮಷೀನ್ ಎಣ್ಣೆ ಈಗ ಒರೆಸಬೇಕೇನು, ಇಲ್ಲ ಕೆಟ್ಟ ಮ್ಯಾಲೆ ನೋಡಿದ್ರ ನಡೀತದೇನು?